ಒಂದಗುಳು ಯಾವಾಗ ಸಾಕು?

ಈ ವಾರದ ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಬೋರ್ಡ್ ಮೇಲೆ ಅವಸರದಲ್ಲಿ ಮಾಡಿದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ಮಾಡೋಣ.

ಎರಡು ತಿಂಗಳ ಹಿಂದಿನ ಮಾತು. ನಮ್ಮ ಟೀಮಿಗೆ ಹೊಸದಾಗಿ ಸೇರಿದ ದಾವಣಗೆರೆ ಹುಡುಗನೊಬ್ಬ ಪುಣೆಯಲ್ಲಿ ಮನೆ ಹುಡುಕ್ತಾ ಇದ್ದ. ವಾಕಡ್‌ನಲ್ಲಿ ಒಂದು ಫ್ಲ್ಯಾಟ್ ಮನಸ್ಸಿಗೆ ಬಂದಿತ್ತು, ಆದರೆ ಡೆಪಾಸಿಟ್ ಕೊಡೋಕೆ ಭಯ. ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ: ‘ಇಲ್ಲಿ ಓನರ್‌ಗಳು ಮನೆ ಬಿಡುವಾಗ ಡೆಪಾಸಿಟ್ ಸರಿಯಾಗಿ ವಾಪಸ್ ಕೊಡ್ತಾರಾ?’ ಸಂಜೆಯೊಳಗೆ 12 ಉತ್ತರ ಬಂತು. ಅದರಲ್ಲಿ 9 ಜನ ‘ಕೊಡಲ್ಲ, ಮುರ್ಕೊಂಡ್ರು’ ಅಂದಿದ್ದರು. ಒಬ್ಬರಂತೂ ಬಣ್ಣ ಬಳಿಸಿದ ಬಿಲ್ಲಿನ ಫೋಟೊ ಸಮೇತ ಹಾಕಿದ್ದರು. ಮರುದಿನ ಹುಡುಗ ಬಂದು, ‘ಅಣ್ಣಾ, ಮುಕ್ಕಾಲು ಪಾಲು ಓನರ್‌ಗಳು ಮೋಸಗಾರರಂತೆ, ನಾನು ಪಿಜಿಯಲ್ಲೇ ಇದ್ದುಬಿಡ್ತೀನಿ’ ಅಂದ.

ಹನ್ನೆರಡು ಜನರ ಅನುಭವದಿಂದ ಇಡೀ ಊರಿನ ಬಗ್ಗೆ ತೀರ್ಮಾನಕ್ಕೆ ಹಾರುವ ಈ ಬಗೆಯ ತರ್ಕಕ್ಕೆ ಅನುಗಮನ ಅಂತ ಹೆಸರು. ಕಂಡ ಕೆಲವನ್ನು ಹಿಡಿದು ಕಾಣದ ಹಲವನ್ನು ಹೇಳೋದು. ಗಣಿತದ ಸಾಧನೆಯಲ್ಲಿ ಆಧಾರ ನಿಜವಾದರೆ ತೀರ್ಮಾನವೂ ನಿಜವಾಗಲೇಬೇಕು. ಇಲ್ಲಿ ಹಾಗಲ್ಲ. ಹನ್ನೆರಡು ಜನರೂ ಸತ್ಯವನ್ನೇ ಹೇಳಿರಬಹುದು, ಆದರೂ ತೀರ್ಮಾನ ಸುಳ್ಳಾಗಬಹುದು. ಹಾಗಾಗಿ ಅನುಗಮನವನ್ನು ‘ಸರಿ’ ಅಥವಾ ‘ತಪ್ಪು’ ಅಂತ ಅಳೆಯೋದಿಲ್ಲ, ಗಟ್ಟಿ ಅಥವಾ ಸಡಿಲ ಅಂತ ಅಳೀತೀವಿ.

ಇಷ್ಟು ಹೇಳಿದ ಕೂಡಲೇ ಹೆಚ್ಚಿನವರು ಆಡೋ ಮಾತು: ‘ಬರೀ 12 ಜನ ಅಲ್ವಾ, ಇನ್ನೂ ಹೆಚ್ಚು ಜನರನ್ನ ಕೇಳ್ಬೇಕಿತ್ತು.’ ನನ್ನ ತಕರಾರು ಇಲ್ಲೇ ಇರೋದು. ಕಡಿಮೆ ಅನ್ನೋದು ಎರಡನೇ ದೋಷ. ಒಂದನೇ ದೋಷ ಬೇರೆ.

ನಮ್ಮ ಅಮ್ಮಂದಿರು ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದೇ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಅಂತಲೇ ಹೆಸರಿದೆ. ಸಾವಿರಾರು ಅಗುಳಿಗೆ ಒಂದು ಅಗುಳಿನ ಸ್ಯಾಂಪಲ್! ಆದರೂ ಅದು ಗಟ್ಟಿ ತರ್ಕ. ಯಾಕೆ ಅಂದ್ರೆ ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ, ಕುದಿಯುವಾಗ ಎಲ್ಲ ಅಗುಳೂ ಮೇಲೆ ಕೆಳಗೆ ಸುತ್ತಿವೆ. ಒಂದರ ಗತಿಯೇ ಉಳಿದವುಗಳ ಗತಿ. ಅದೇ ಮದುವೆ ಮನೆಯ ದೊಡ್ಡ ಹಂಡೆಗೆ ಬನ್ನಿ. ತಳದಲ್ಲಿ ಸೀದಿರುತ್ತೆ, ಮೇಲೆ ಇನ್ನೂ ಗಟ್ಟಿ ಇರುತ್ತೆ. ಅಲ್ಲಿ ಮೇಲಿನಿಂದಲೇ ನೂರು ಅಗುಳು ತೆಗೆದು ಹಿಸುಕಿದರೂ ತಳದ ಸುದ್ದಿ ಗೊತ್ತಾಗಲ್ಲ. ಅಡುಗೆಯವರು ಅದಕ್ಕೇ ಸೌಟು ಹಾಕಿ ಕೆಳಗಿನಿಂದ ಮಗುಚಿ ನೋಡ್ತಾರೆ. ಅಂದರೆ ಎಷ್ಟು ಅಗುಳು ಅನ್ನೋದಕ್ಕಿಂತ ಮುಂಚೆ, ಈ ಅಗುಳು ನನ್ನ ಬೆರಳಿಗೆ ಹೇಗೆ ಬಂತು ಅಂತ ಕೇಳಬೇಕು.

ಗ್ರೂಪಿನ ಆ 12 ಉತ್ತರ ಹೇಗೆ ಬಂದವು ನೋಡಿ. ಗ್ರೂಪಿನಲ್ಲಿ 400 ಜನ ಇದ್ದಾರೆ. ಲೆಕ್ಕಕ್ಕೋಸ್ಕರ, ಅವರಲ್ಲಿ 300 ಜನ ಪುಣೆಯಲ್ಲಿ ಒಮ್ಮೆಯಾದರೂ ಬಾಡಿಗೆ ಮನೆ ಬಿಟ್ಟಿದ್ದಾರೆ ಅಂತ ಇಟ್ಕೊಳ್ಳಿ. ನೂರಕ್ಕೆ ಹತ್ತು ಜನರಿಗೆ ಮಾತ್ರ ತೊಂದರೆ ಆಗಿದೆ ಅಂತಲೂ ಇಟ್ಕೊಳ್ಳಿ. ಆಗ ತೊಂದರೆ ಆದವರು 30, ಆಗದವರು 270. ದುಡ್ಡು ಕಳ್ಕೊಂಡವನಿಗೆ ಹೊಟ್ಟೆ ಉರೀತಾ ಇರುತ್ತೆ, ಪ್ರಶ್ನೆ ಕಂಡ ಕೂಡಲೇ ಟೈಪ್ ಮಾಡ್ತಾನೆ. ಅಂಥವರಲ್ಲಿ ಹತ್ತಕ್ಕೆ ಮೂರು ಜನ ಉತ್ತರಿಸಿದರೂ 9 ಆಯ್ತು. ಡೆಪಾಸಿಟ್ ಸಲೀಸಾಗಿ ವಾಪಸ್ ಬಂದವನಿಗೆ ಹೇಳೋಕೆ ಕತೆಯೇ ಇಲ್ಲ. ಅವರಲ್ಲಿ ತೊಂಬತ್ತಕ್ಕೆ ಒಬ್ಬ ಉತ್ತರಿಸಿದರೆ 3. ಒಟ್ಟು 12, ಅದರಲ್ಲಿ 9 ದೂರು. ನಿಜವಾದ ತೊಂದರೆ ನೂರಕ್ಕೆ 10, ಪರದೆ ಮೇಲೆ ಕಂಡಿದ್ದು ನೂರಕ್ಕೆ 75. ಯಾರೂ ಸುಳ್ಳು ಹೇಳಿಲ್ಲ.

ಈಗ ಗ್ರೂಪನ್ನು ಹತ್ತು ಪಟ್ಟು ದೊಡ್ಡದು ಮಾಡಿ. 4,000 ಜನ, 120 ಉತ್ತರ, 90 ದೂರು. ಮತ್ತೆ ಅದೇ 75. ಉತ್ತರ ಹೆಚ್ಚಾದ ಹಾಗೆ ನಮ್ಮ ನಂಬಿಕೆ ಮಾತ್ರ ಬಲವಾಗುತ್ತೆ, ತಪ್ಪು ಇದ್ದಲ್ಲೇ ಇರುತ್ತೆ. ಸ್ಯಾಂಪಲ್ ಬಯಾಸ್ ಅನ್ನೋದು ಇದನ್ನೇ: ಕೇಸುಗಳು ಆಯ್ಕೆಯಾಗುವ ದಾರಿಯೇ ನಾವು ಕೇಳ್ತಿರೋ ಉತ್ತರಕ್ಕೆ ಗಂಟು ಹಾಕ್ಕೊಂಡಿರೋದು.

ಇದು ಬರೀ ಕಾಗದದ ಲೆಕ್ಕ ಅನ್ನಬೇಡಿ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಅಂಚೆಯಲ್ಲಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಬರೆಯಿತು. ಗೆದ್ದಿದ್ದು ರೂಸ್‌ವೆಲ್ಟ್, ಅದೂ ನೂರಕ್ಕೆ 60ಕ್ಕಿಂತ ಹೆಚ್ಚು ಮತ ತಗೊಂಡು. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಮುಂತಾದ ಪಟ್ಟಿಗಳಿಂದ ಎತ್ತಿದ್ದರು, ಆರ್ಥಿಕ ಕುಸಿತದ ಆ ಕಾಲದಲ್ಲಿ ಇವೆಲ್ಲ ಇದ್ದದ್ದು ಅನುಕೂಲಸ್ಥರ ಬಳಿ. ಅದರ ಜೊತೆಗೆ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರು ಚೀಟಿ ತುಂಬಿ ವಾಪಸ್ ಕಳಿಸಿದ್ದೂ ಹೆಚ್ಚು. ನಮ್ಮ ಗ್ರೂಪಿನ ಕತೆಯೇ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅದಕ್ಕಿಂತ ಬಹಳ ಚಿಕ್ಕ ಸ್ಯಾಂಪಲ್ ಇಟ್ಕೊಂಡು ರೂಸ್‌ವೆಲ್ಟ್ ಗೆಲುವನ್ನು ಸರಿಯಾಗಿ ಹೇಳಿದರು. ನನಗೆ ಇದರಲ್ಲಿ ಹೆಚ್ಚು ಇಷ್ಟವಾಗೋದು ಇನ್ನೊಂದು ಸಂಗತಿ. ಡೈಜೆಸ್ಟ್‌ನವರಿಗೆ ಅಷ್ಟು ಧೈರ್ಯ ಬಂದದ್ದು ಅದಕ್ಕೂ ಹಿಂದಿನ ಚುನಾವಣೆಗಳಲ್ಲಿ, 1932ರಲ್ಲೂ, ಅವರ ಭವಿಷ್ಯ ಸರಿಯಾಗಿತ್ತು ಅನ್ನೋದರಿಂದ. ಕೆಲವು ಸಲ ಸರಿಯಾಯಿತು, ಆದ್ದರಿಂದ ಈ ಸಲವೂ ಸರಿ. ಅದೂ ಕೆಲವೇ ಕೇಸಿನ ಅನುಗಮನವೇ ಅಲ್ವಾ!

ಸರಿ, ಪುಣೆಗೆ ವಾಪಸ್ ಬರೋಣ. ಹುಡುಗನಿಗೆ ಅಂದೆ, ‘ಗ್ರೂಪಿನಲ್ಲಿ ಕೇಳಬೇಡ, ಪಟ್ಟಿ ತಗೊಂಡು ನಾವೇ ಫೋನ್ ಮಾಡೋಣ.’ ಸದಸ್ಯರ ಪಟ್ಟಿಯಲ್ಲಿ ಪ್ರತಿ 20ನೇ ಹೆಸರಿನಂತೆ 20 ಜನರನ್ನು ಗುರುತು ಹಾಕಿದೆವು. ಯಾರಿಗೆ ಹೇಳೋಕೆ ಕತೆ ಇದೆ ಅನ್ನೋದಕ್ಕೂ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯದು ಅನ್ನೋದಕ್ಕೂ ಸಂಬಂಧ ಇಲ್ಲ, ಅದೇ ನಮಗೆ ಬೇಕಾಗಿದ್ದು. 4 ಜನ ಇನ್ನೂ ಮೊದಲನೇ ಮನೆಯಲ್ಲೇ ಇದ್ದಾರೆ, ಲೆಕ್ಕಕ್ಕಿಲ್ಲ. ಇಬ್ಬರು ಮೂರು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಉಳಿದ 14 ಜನರಲ್ಲಿ ‘ಅನ್ಯಾಯವಾಗಿ ಮುರ್ಕೊಂಡ್ರು’ ಅಂದವರು 3.

ಇದರಿಂದ ಏನು ಹೇಳಬಹುದು? 14ಕ್ಕೆ 3 ಅಂದರೆ ನೂರಕ್ಕೆ 21 ಅಂತ ಕ್ಯಾಲ್ಕ್ಯುಲೇಟರ್ ಹೇಳುತ್ತೆ, ಆದರೆ ಅಷ್ಟು ನಿಖರವಾಗಿ ಮಾತಾಡೋ ಹಕ್ಕು 14 ಜನ ನಮಗೆ ಕೊಡಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ನಿಜವಾದ ಪ್ರಮಾಣ ಇಷ್ಟಿದ್ದರೆ, 14 ಜನರಲ್ಲಿ 3 ದೂರು ಸಿಗೋದು ಸಹಜವೇ? ನಿಜವಾದ ಪ್ರಮಾಣ ನೂರಕ್ಕೆ 50 ಆಗಿದ್ದರೆ, ಅಂದರೆ ನಾಣ್ಯ ಚಿಮ್ಮಿದ ಹಾಗಿದ್ದರೆ, 14ರಲ್ಲಿ 3 ಅಥವಾ ಇನ್ನೂ ಕಡಿಮೆ ದೂರು ಸಿಗೋದು ನೂರಕ್ಕೆ ಮೂರೇ ಸಲ. ಆ ಕಡೆ, ನಿಜವಾದ ಪ್ರಮಾಣ ನೂರಕ್ಕೆ 5 ಮಾತ್ರ ಆಗಿದ್ದರೆ, 3 ಅಥವಾ ಹೆಚ್ಚು ದೂರು ಸಿಗೋದೂ ನೂರಕ್ಕೆ ಮೂರೇ ಸಲ. ಹಾಗಾಗಿ ಪ್ರಾಮಾಣಿಕವಾಗಿ ಹೇಳೋದಾದರೆ ಉತ್ತರ 5 ಮತ್ತು 50ರ ನಡುವೆ ಎಲ್ಲೋ ಇದೆ. ಬಹಳ ಅಗಲದ ಉತ್ತರ, ಒಪ್ಕೋತೀನಿ. ಹುಡುಗ ಕೂಡ ಮುಖ ಸಿಂಡರಿಸಿದ. ಆದರೆ ಗ್ರೂಪಿನ ‘ಮುಕ್ಕಾಲು ಪಾಲು’ ಇದರಲ್ಲಿ ಬಿದ್ದುಹೋಯ್ತು. ನಿಜವಾಗಿ 75 ಆಗಿದ್ದರೆ ಇಂಥ 14 ಫೋನಿನಲ್ಲಿ ಮೂರೋ ಕಡಿಮೆಯೋ ದೂರು ಸಿಗೋದು ಲಕ್ಷಕ್ಕೆ ನಾಲ್ಕು ಸಲ. ಹದಿನಾಲ್ಕೇ ಅಗುಳು, ಆದರೆ ಮಗುಚಿ ತೆಗೆದದ್ದು.

ಫೋನ್ ಎತ್ತದ ಇಬ್ಬರನ್ನು ಮರೆಯೋ ಹಾಗಿಲ್ಲ. ಬಯಾಸ್ ವಾಪಸ್ ನುಸುಳೋ ಕಿಂಡಿ ಇದೇ. ಇದಕ್ಕೆ ನಾನು ಮಾಡೋದು ಕೆಟ್ಟದ್ದನ್ನೇ ಊಹಿಸಿ ನೋಡೋದು: ಇಬ್ಬರಿಗೂ ಮೋಸ ಆಗಿದೆ ಅಂದ್ಕೊಂಡರೂ 16ಕ್ಕೆ 5, ಮೂರನೇ ಒಂದಕ್ಕಿಂತ ಕಡಿಮೆ. ತೀರ್ಮಾನ ಅಲುಗಲ್ಲ. ಉತ್ತರ ಕೊಡದವರು ಇಬ್ಬರ ಬದಲು ಹತ್ತು ಜನ ಆಗಿದ್ದರೆ ಈ ಲೆಕ್ಕ ನಿಲ್ತಿರಲಿಲ್ಲ, ಆಗ ಕೈ ಚೆಲ್ಲಬೇಕಿತ್ತು.

ಇನ್ನು ತೀರ್ಮಾನದ ಕಡೆ ನೋಡಿ. ತರ್ಕ ಗಟ್ಟಿಯೋ ಸಡಿಲವೋ ಅನ್ನೋದು ಆಧಾರ ಒಂದರಿಂದಲೇ ನಿರ್ಧಾರ ಆಗಲ್ಲ, ಅದರ ಮೇಲೆ ಎಷ್ಟು ದೊಡ್ಡ ಮಾತು ಹೇರ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ನಮ್ಮ 14 ಜನ ಹೆಚ್ಚಾಗಿ ಹಿಂಜವಡಿ ಸುತ್ತಮುತ್ತ ಐಟಿ ಸಂಬಳದಲ್ಲಿ ಇರೋರು, ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಮಾಡಿಸಿದೋರು. ‘ಈ ಗ್ರೂಪಿನವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ತೊಂದರೆ ಆಗಿದೆ’ ಅನ್ನೋ ಮಾತನ್ನು ಈ ಆಧಾರ ಹೊರುತ್ತೆ. ‘ಪುಣೆ ಓನರ್‌ಗಳು ಒಳ್ಳೆಯವರು’ ಅನ್ನೋದನ್ನು ಹೊರಲ್ಲ. ಪೇಠೆಯೊಳಗಿನ ಹಳೇ ವಾಡೆಗಳಲ್ಲಿ ಅಗ್ರಿಮೆಂಟೇ ಇಲ್ಲದೆ ಕೋಣೆ ಹಿಡಿದಿರೋ ಕೂಲಿ ಕೆಲಸದವರ ಬಗ್ಗೆ ನಮ್ಮ ಪಟ್ಟಿಗೆ ಏನೂ ಗೊತ್ತಿಲ್ಲ. ಅವರು ಹಂಡೆಯ ತಳದಲ್ಲಿದ್ದಾರೆ, ನಮ್ಮ ಸೌಟು ಅಲ್ಲಿಗೆ ಮುಟ್ಟಿಲ್ಲ.

ಆ ಮೂರು ದೂರುಗಳನ್ನು ಸ್ವಲ್ಪ ಕೆದಕಿ ಕೇಳಿದೆವು. ಇಬ್ಬರು ಕೆಲಸ ಬದಲಾಗಿ, ಲಾಕ್-ಇನ್ ಅವಧಿ ಮುಗಿಯೋ ಮುಂಚೆಯೇ ನೋಟಿಸ್ ಕೊಡದೆ ಬಿಟ್ಟವರು. ಮೂರನೆಯವರದು ಮಾತ್ರ ನೇರ ಜಗಳ, ಗೋಡೆಯ ತೇವಕ್ಕೆ ಬಾಡಿಗೆದಾರನೇ ಕಾರಣ ಅಂದರಂತೆ. ‘ಹಾಗಾದ್ರೆ ಲಾಕ್-ಇನ್ ಮುರಿದರೇ ಡೆಪಾಸಿಟ್ ಹೋಗೋದು, ಅಷ್ಟೇ ಅಲ್ವಾ ಅಣ್ಣಾ?’ ಅಂದ ಹುಡುಗ, ಖುಷಿಯಿಂದ. ‘ಎಷ್ಟು ಅಗುಳು ನೋಡಿ ಹೇಳ್ತಾ ಇದೀಯ?’ ಅಂದೆ. ಬೆರಳು ಮಡಚಿ ಎಣಿಸಿ ನಕ್ಕುಬಿಟ್ಟ.

ವಾಕಡ್ ಫ್ಲ್ಯಾಟನ್ನೇ ತಗೊಂಡಿದ್ದಾನೆ. ಸಹಿ ಹಾಕೋ ಮುಂಚೆ ಲಾಕ್-ಇನ್ ಆರು ತಿಂಗಳಿಂದ ಮೂರಕ್ಕೆ ಇಳಿಸಿಕೊಂಡ, ಕೀಲಿ ಕೈಗೆ ಬಂದ ದಿನ ಪ್ರತಿ ಗೋಡೆಯ ಫೋಟೊ ತೆಗೆದು ಓನರಿಗೇ ಇಮೇಲ್ ಮಾಡಿದ. ಡೆಪಾಸಿಟ್ ವಾಪಸ್ ಬರುತ್ತೋ ಇಲ್ಲವೋ ಬರೋ ವರ್ಷ ಗೊತ್ತಾಗುತ್ತೆ. ಬಂದರೆ ಗ್ರೂಪಿನಲ್ಲಿ ಒಂದು ಸಾಲು ಹಾಕು ಅಂತ ಈಗಲೇ ಹೇಳಿಟ್ಟಿದ್ದೀನಿ.