ಮುಚ್ಚಳ ತೆರೆದ ಫೋಟೋ ಹೇಳುವುದೆಷ್ಟು?

ಹಳೆಯ ವಾಚು ಮಾರುವವರಲ್ಲಿ ಈಗೊಂದು ರೂಢಿ ಬಂದಿದೆ. ಡಯಲಿನ ನಾಲ್ಕು ಫೋಟೋ ಕಳಿಸಿದ ಮೇಲೆ ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಮಿಷನ್ನಿನದೂ ಒಂದು ಫೋಟೋ ಕಳಿಸುತ್ತಾರೆ. ಹೊಳೆಯುವ ಸೇತುವೆಗಳು, ಕೆಂಪು ಕಲ್ಲುಗಳು, ಕಂಪನಿಯ ಹೆಸರು ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಅಷ್ಟು ಕಂಡ ಮೇಲೆ ಕೊಳ್ಳುವವರು ಬೇರೇನೂ ಕೇಳುವುದಿಲ್ಲ. ಫೋಟೋ ಸುಳ್ಳಾಗಿರಬೇಕೆಂದೇನೂ ಇಲ್ಲ. ಅದರಿಂದ ಏನನ್ನು ತೀರ್ಮಾನಿಸಬಹುದು ಎಂಬಲ್ಲಿ ಮಾತ್ರ ಜನ ಎಡವುತ್ತಾರೆ.

ತಪ್ಪು ಕಲ್ಪನೆ: ಮಿಷನ್ ಮೇಲೆ ಕಂಪನಿಯ ಮುದ್ರೆ ಕಾಣುತ್ತಿದೆ, ಅಂದಮೇಲೆ ಅಸಲಿ

ಸ್ವಿಸ್ ಆಟೊಮ್ಯಾಟಿಕ್ ವಾಚುಗಳಲ್ಲಿ ಬಹಳ ಬಳಕೆಯಲ್ಲಿರುವ ಇಟಿಎ 2824-2 ಎಂಬ ಮಿಷನ್ನನ್ನೇ ನೋಡಿ. ಇದರಲ್ಲಿ 25 ಜ್ಯೂವೆಲ್‌ಗಳಿವೆ. ಬ್ಯಾಲೆನ್ಸ್ ಚಕ್ರ ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ ಎಂಟು ಬಾರಿ ಬಡಿಯುತ್ತದೆ. ಅಗಲ 25.6 ಮಿಲಿಮೀಟರ್, ದಪ್ಪ 4.6. ದಶಕಗಳ ಹಳೆಯ ವಿನ್ಯಾಸವಾದ್ದರಿಂದ ಪೇಟೆಂಟಿನ ಕಾಲ ಮುಗಿದಿದೆ, ಯಾರು ಬೇಕಾದರೂ ಇದೇ ಮಾದರಿಯಲ್ಲಿ ಮಿಷನ್ ಮಾಡಬಹುದು. ಸ್ವಿಟ್ಜರ್ಲೆಂಡಿನದೇ ಸೆಲಿಟಾ ಕಂಪನಿ ಎಸ್‌ಡಬ್ಲ್ಯು200 ಮಾಡುತ್ತದೆ, ಚೀನಾದ ಸೀಗಲ್ ಎಸ್‌ಟಿ2130 ಮಾಡುತ್ತದೆ. ಇವು ಕಳ್ಳಮಾಲಲ್ಲ, ತಮ್ಮ ಹೆಸರಿನಲ್ಲೇ ಮಾರಾಟವಾಗುವ ಪ್ರಾಮಾಣಿಕ ಸರಕು. ಇಂಥದೊಂದು ಮಿಷನ್ನಿಗೆ ಯಾರೋ ಇಟಿಎ ಮುದ್ರೆ ಒತ್ತಿದಾಗ ಮಾತ್ರ ಅದು ಮೋಸವಾಗುತ್ತದೆ. ಮುದ್ರೆ ಒತ್ತುವುದು ಇಡೀ ಮಿಷನ್ ತಯಾರಿಸುವುದಕ್ಕಿಂತ ಎಷ್ಟೋ ಸುಲಭದ ಕೆಲಸ.

ಈಗ ಫೋಟೋದಲ್ಲಿ ಏನು ಸಿಗುತ್ತದೆ ನೋಡೋಣ. ಮುಚ್ಚಳ ತೆಗೆದಾಗ ಎದುರಿಗೆ ಬರುವುದು ರೋಟರ್. ಕೈ ಆಡಿಸಿದಾಗ ಗರಗರ ತಿರುಗಿ ಚಾವಿ ಕೊಡುವ ಅರ್ಧಚಂದ್ರಾಕಾರದ ಆ ತಗಡು ಮಿಷನ್ನಿನ ಅರ್ಧದಷ್ಟನ್ನು ಮುಚ್ಚಿಕೊಂಡಿರುತ್ತದೆ. ‘25 ಜ್ಯೂವೆಲ್ಸ್, ಸ್ವಿಸ್’ ಎಂದು ದೊಡ್ಡದಾಗಿ ಕೆತ್ತಿರುವುದು ಸಾಮಾನ್ಯವಾಗಿ ಇದರ ಮೇಲೆಯೇ. ಆದರೆ ರೋಟರ್ ಒಂದು ಬಿಡಿಭಾಗ. ಬಿಚ್ಚಿ ಬೇರೆಯದನ್ನು ಕೂರಿಸುವುದು ರಿಪೇರಿಯವರಿಗೆ ಕೆಲವು ನಿಮಿಷಗಳ ಕೆಲಸ. ನಿಜವಾಗಿ ನೋಡಬೇಕಾದ ಗುರುತು, ಅಂದರೆ ಗುರಾಣಿಯಾಕಾರದೊಳಗಿನ ಇಟಿಎ ಅಕ್ಷರಗಳು ಮತ್ತು 2824-2 ಎಂಬ ಸಂಖ್ಯೆ, ತಳದ ಫಲಕದ ಮೇಲೆ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿರುತ್ತದೆ. ವಾಚು ಓಡುತ್ತಿದ್ದರೆ ಚಕ್ರ ಸೆಕೆಂಡಿಗೆ ಎಂಟು ಸಲ ಅತ್ತಿತ್ತ ಹೊರಳುತ್ತಿರುತ್ತದೆ, ಅದರ ಕಡ್ಡಿಗಳ ನಡುವೆ ಆ ಗುರುತು ಅರೆಬರೆಯಾಗಿ ಕಂಡರೆ ಕಂಡೀತು. ಮೊಬೈಲ್ ಕ್ಯಾಮೆರಾದಲ್ಲಿ ಅದು ಬರೀ ಬೂದುಬಣ್ಣದ ಮಸುಕು.

ಗುರುತು ಚೆನ್ನಾಗಿಯೇ ಕಂಡಿತು ಎಂದುಕೊಳ್ಳಿ. ಆಗಲೂ ಅದರಿಂದ ತಿಳಿಯುವುದು ಒಂದು ಫಲಕದ ವಿಷಯ ಮಾತ್ರ. ಅದರ ಮೇಲೆ ಕೂತಿರುವ ಬ್ಯಾಲೆನ್ಸ್, ಹೇರ್‌ಸ್ಪ್ರಿಂಗ್, ಪ್ಯಾಲೆಟ್, ಚಕ್ರಗಳು ಎಲ್ಲಿಂದ ಬಂದವು ಎಂಬುದನ್ನು ಫಲಕ ಹೇಳುವುದಿಲ್ಲ. ನಕಲು ಮಿಷನ್ನುಗಳ ಎಷ್ಟೋ ಬಿಡಿಭಾಗಗಳು ಅಸಲಿಗೂ ಹೊಂದಿಕೊಳ್ಳುತ್ತವೆ. ಹಿಂದೊಮ್ಮೆ ರಿಪೇರಿಗೆ ಬಂದಾಗ ಅಗ್ಗಕ್ಕೆ ಸಿಕ್ಕ ಬ್ಯಾಲೆನ್ಸ್ ಹಾಕಿ ಕಳಿಸಿದ್ದರೆ ಫಲಕ ಸ್ವಿಟ್ಜರ್ಲೆಂಡಿನದು, ಎದೆಬಡಿತ ಇನ್ನೆಲ್ಲಿಯದೋ.

ಹಾಗೆಂದು ಫೋಟೋ ನಿಷ್ಪ್ರಯೋಜಕವೇನಲ್ಲ. ಸುಳ್ಳನ್ನು ಹಿಡಿಯುವುದಕ್ಕೆ ಅದು ಚೆನ್ನಾಗಿ ಒದಗುತ್ತದೆ. 2824-2 ಎಂದು ಹೇಳಿ ಕಳಿಸಿದ ಚಿತ್ರದಲ್ಲಿ ‘26 ಜ್ಯೂವೆಲ್ಸ್’ ಎಂದಿದ್ದರೆ ಅದು ಸೆಲಿಟಾ ಇರಬಹುದು, ಏನೇ ಆದರೂ ಹೇಳಿದ ಮಾತಿಗೂ ಚಿತ್ರಕ್ಕೂ ತಾಳೆಯಾಗಲಿಲ್ಲ. ಮೇಲ್ದರ್ಜೆಯ ‘ಟಾಪ್’ ಗ್ರೇಡ್ ಎನ್ನುತ್ತಾರೆ, ಬ್ಯಾಲೆನ್ಸಿನ ಕಲ್ಲಿನ ಮೇಲೆ ಆ ದರ್ಜೆಯಲ್ಲಿ ಇರಬೇಕಾದ ಇನ್ಕಾಬ್ಲಾಕ್ ಸ್ಪ್ರಿಂಗೇ ಇಲ್ಲ ಎಂದರೂ ಅಷ್ಟೇ. ಒಂದು ತಪ್ಪು ಕಂಡರೆ ತಿರಸ್ಕರಿಸಬಹುದು. ತಪ್ಪು ಕಾಣಲಿಲ್ಲವೆಂದು ಒಪ್ಪಿಕೊಳ್ಳಲಾಗುವುದಿಲ್ಲ, ಏಕೆಂದರೆ ನಕಲು ಮಾಡುವವನು ಮೊದಲು ತಿದ್ದಿಕೊಳ್ಳುವುದೇ ಫೋಟೋಗೆ ಸಿಗುವ ಜಾಗಗಳನ್ನು.

ತಪ್ಪು ಕಲ್ಪನೆ: ಟೈಮ್‌ಗ್ರಾಫರ್ ಓದು ಚೆನ್ನಾಗಿದ್ದರೆ ಅನುಮಾನವೇ ಬೇಡ

ಟೈಮ್‌ಗ್ರಾಫರ್ ಎಂದರೆ ವಾಚಿನ ಟಿಕ್‌ಟಿಕ್ಕನ್ನು ಮೈಕಿನಿಂದ ಕೇಳಿ ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ, ಎಷ್ಟು ಮುಂದೆ ಎಂದು ತೋರಿಸುವ ಯಂತ್ರ. ಅದು ಅಳೆಯುವುದು ಆರೋಗ್ಯವನ್ನು, ಕುಲವನ್ನಲ್ಲ. ಓದು 21,600 ಎಂದು ಬಂದರೆ ಒಳಗಿರುವುದು 2824-2 ಅಲ್ಲವೇ ಅಲ್ಲ. 28,800 ಎಂದು ಬಂದರೆ ಅಸಲಿಯೂ ಆಗಿರಬಹುದು, ಸೆಲಿಟಾ ಅಥವಾ ಸೀಗಲ್ಲೂ ಆಗಿರಬಹುದು. ಒಳ್ಳೆಯ ನಕಲೊಂದು ಎಣ್ಣೆ ಒಣಗಿದ ಅಸಲಿಗಿಂತ ಚೆಂದದ ಗೆರೆ ಎಳೆಯುವುದೂ ಉಂಟು.

ತಪ್ಪು ಕಲ್ಪನೆ: ಮಿಷನ್ ಅಸಲಿಯಾದರೆ ವಾಚೂ ಅಸಲಿ

ಇದು ನಮ್ಮೂರಿನ ಕಥೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮದುವೆಯಲ್ಲಿ ಮಾವನ ಮನೆಯಿಂದ ಬಂದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ವಾಚುಗಳಿಗೆ ಆಮೇಲೆ ಬೆಲೆ ಬಂತು. ಅದರಲ್ಲೂ ಕಪ್ಪು ಡಯಲಿನ ಪೈಲಟ್‌ಗೆ ಗಿರಾಕಿಗಳು ಜಾಸ್ತಿ.

ಚಾವಿ ಕೊಡುವ ಎಚ್‌ಎಂಟಿಗಳಲ್ಲಿ ಬಹುಪಾಲಿಗೆ 0231 ಎಂಬ ಒಂದೇ ಮಿಷನ್: 17 ಜ್ಯೂವೆಲ್, ಗಂಟೆಗೆ 18,000 ಬಡಿತ. ಜನತಾ ವಾಚಿನೊಳಗೂ ಅದೇ, ಪೈಲಟ್ ಒಳಗೂ ಅದೇ. ಹಾಗಾಗಿ ಪೈಲಟ್ ಮಾರುವವನು 0231ರ ಚೊಕ್ಕ ಫೋಟೋ ಕಳಿಸಿದರೆ ಅದು ಸಾಬೀತುಮಾಡುವುದು ಎಚ್‌ಎಂಟಿ ಎಂಬುದನ್ನಷ್ಟೇ. ಸವೆದ ಜನತಾ ಒಂದನ್ನು ತೆಗೆದುಕೊಂಡು ಡಯಲಿಗೆ ಕಪ್ಪು ಬಣ್ಣ ಬಳಿದು, ಪೈಲಟ್ ಎಂದು ಅಚ್ಚು ಹಾಕಿ, ಹೊಸ ಮುಳ್ಳು ಕೂರಿಸಿದರೂ ಒಳಗಿನ ಮಿಷನ್ ಮೊದಲಿನಂತೆ ನೂರಕ್ಕೆ ನೂರು ಅಸಲಿಯೇ. ಸಂಗ್ರಹಕಾರರು ‘ಮುಂಬೈ ಸ್ಪೆಷಲ್’ ಎಂದು ಮೂಗು ಮುರಿಯುವುದು ಇಂಥ ವಾಚುಗಳನ್ನು ಕಂಡೇ. ಇಲ್ಲಿ ಮಿಷನ್ ಫೋಟೋ ಸುಳ್ಳು ಹೇಳುವುದಿಲ್ಲ, ಆದರೆ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಸತ್ಯ ಸಿಗುವುದು ಬೇರೆ ಕಡೆ. ಡಯಲ್ ಮೇಲಿನ ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಇವೆಯೇ, ಮುಳ್ಳು ಕೂರುವ ನಡುವಿನ ತೂತಿನ ಅಂಚಿಗೆ ಬಣ್ಣ ಇಳಿದು ದಪ್ಪಗಟ್ಟಿದೆಯೇ, ಕತ್ತಲಲ್ಲಿ ಹೊಳೆಯುವ ಲೇಪ ಡಯಲಿನಲ್ಲಿ ಹಸಿರಾಗಿ ಹೊಚ್ಚಹೊಸದಾಗಿದ್ದು ಮುಳ್ಳುಗಳಲ್ಲಿ ಮಾತ್ರ ಕಂದಿದೆಯೇ ಎಂದು ನೋಡಬೇಕು. ಡಯಲ್ ಬಿಚ್ಚಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಡಯಲಿನ ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿರುತ್ತವೆ, ಅವು ಮಿಷನ್ನಿನ ತೂತುಗಳಲ್ಲಿ ಕೂತು ಡಯಲನ್ನು ಹಿಡಿಯುತ್ತವೆ. ಆ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿ ಕೂರಿಸಿದ್ದರೆ ಆ ಡಯಲ್ ಆ ಮಿಷನ್ನಿಗಾಗಿ ಹುಟ್ಟಿದ್ದಲ್ಲ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ತಪ್ಪು ಕಲ್ಪನೆ: ಕಂಪನಿಯ ಕಾಗದ ಇದ್ದರೆ ಮುಗಿಯಿತು

ಕೆಲವು ಸ್ವಿಸ್ ಕಂಪನಿಗಳು ಮಿಷನ್ನಿನ ಮೇಲಿನ ಕ್ರಮಸಂಖ್ಯೆ ಹಿಡಿದು ತಮ್ಮ ಹಳೆಯ ದಫ್ತರ ನೋಡಿ, ಈ ಸಂಖ್ಯೆಯ ಮಿಷನ್ ಇಂಥ ಮಾದರಿಯಲ್ಲಿ ಹೋಗಿತ್ತು ಎಂದು ಪತ್ರ ಕೊಡುವ ಪದ್ಧತಿಯಿದೆ. ಫೋಟೋಗಿಂತ ಇದು ಗಟ್ಟಿ ಪುರಾವೆ, ನಿಜ. ಆದರೆ ಪತ್ರ ಮಾತಾಡುವುದು ಸಂಖ್ಯೆಯ ಬಗ್ಗೆ, ಇವತ್ತು ನಿಮ್ಮ ಮುಂದಿರುವ ವಸ್ತುವಿನ ಬಗ್ಗೆ ಅಲ್ಲ.

2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಒಮೆಗಾ ಸ್ಪೀಡ್‌ಮಾಸ್ಟರ್ 2915-1 ಒಂದು ಮಾರಾಟವಾಯಿತು. 1957ರ ಮಾದರಿ, ಡಯಲ್ ಬಿಸಿಲಿಗೆ ಕಂದಿ ಚಾಕೊಲೇಟ್ ಬಣ್ಣಕ್ಕೆ ತಿರುಗಿತ್ತು. ನಿರೀಕ್ಷಿತ ಬೆಲೆ 80 ಸಾವಿರದಿಂದ 1.2 ಲಕ್ಷ ಫ್ರಾಂಕ್, ಹೋದದ್ದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕೆಂದು. 2023ರಲ್ಲಿ ವಿಷಯ ಹೊರಬಿತ್ತು: ಆ ವಾಚು ಬಹುಪಾಲು ಅಸಲಿ ಭಾಗಗಳನ್ನೇ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದ್ದು ಎಂದು ಕಂಪನಿ ಹೇಳಿತು, ತನ್ನದೇ ಮಾಜಿ ನೌಕರರ ಕೈವಾಡವಿದೆ ಎಂದೂ ಹೇಳಿತು. ಹರಾಜು ಮನೆಯ ಕ್ಯಾಟಲಾಗಿನ ಫೋಟೋಗಳಿಗಿಂತ ಒಳ್ಳೆಯ ವಾಚಿನ ಫೋಟೋ ಸಿಗುವುದು ಕಷ್ಟ. ಒಂದೊಂದೇ ಭಾಗವನ್ನು ನೋಡಿದರೆ ಹೆಚ್ಚಿನವು ಪರೀಕ್ಷೆಯಲ್ಲಿ ಪಾಸಾಗುವಂಥವೇ. ಅವು ಹುಟ್ಟಿನಿಂದ ಒಟ್ಟಿಗಿದ್ದವೇ ಎಂಬ ಪ್ರಶ್ನೆಗೆ ಯಾವ ಕ್ಯಾಮೆರಾವೂ ಉತ್ತರ ಕೊಡಲಾರದು.

ಹಾಗಾದರೆ ಏನು ಕೇಳಬೇಕು?

ಮತ್ತೆ ಆ 2824-2 ವಾಚಿಗೇ ಬರೋಣ. ಮೊದಲು ಕೇಳಬೇಕಾದದ್ದು, ಈ ಫೋಟೋ ಈ ವಾಚಿನದೇನಾ ಎಂದು. ಒಂದೇ ಓಟದಲ್ಲಿ ತೆಗೆದ, ಎಲ್ಲೂ ಕತ್ತರಿಸದ ವಿಡಿಯೋ ಕೇಳಿ: ಡಯಲಿನಿಂದ ಶುರುವಾಗಿ, ಪಕ್ಕದಲ್ಲಿ ಅವತ್ತಿನ ತಾರೀಖು ಬರೆದ ಚೀಟಿ ಇಟ್ಟು, ವಾಚು ಮಗುಚಿ, ಮುಚ್ಚಳ ಬಿಚ್ಚಿ ಮಿಷನ್ ತೋರಿಸುವ ತನಕ. ಎಷ್ಟೋ ವ್ಯವಹಾರ ಇಲ್ಲಿಗೇ ನಿಲ್ಲುತ್ತದೆ. ಎಲ್ಲಿ ಕೊಂಡದ್ದು, ಯಾವಾಗ ಯಾರು ಸರ್ವಿಸ್ ಮಾಡಿದರು, ಯಾವ ಭಾಗ ಬದಲಾಯಿತು ಎಂಬ ರಸೀದಿಗಳಿದ್ದರೆ ಅವನ್ನೂ ಕೇಳಿ. ಅಂಗಡಿಯ ಬಿಲ್ಲಿನಲ್ಲಿ ‘ಬ್ಯಾಲೆನ್ಸ್ ಕಂಪ್ಲೀಟ್ ಚೇಂಜ್’ ಎಂದು ಗೀಚಿದ ಒಂದು ಸಾಲು ಹತ್ತು ಫೋಟೋಗಳಿಗಿಂತ ಹೆಚ್ಚು ಹೇಳುತ್ತದೆ.

ಬೆಲೆ ದೊಡ್ಡದಾಗಿದ್ದರೆ ವಾಚು ರಿಪೇರಿಯವರ ಮೇಜಿನ ಮೇಲೆ ಬಿಚ್ಚಿಕೊಳ್ಳಲೇಬೇಕು. ಅವರು ರೋಟರ್ ತೆಗೆದು, ಸ್ಪ್ರಿಂಗಿನ ಬಿಗಿ ಇಳಿಸಿ, ಬ್ಯಾಲೆನ್ಸ್ ಎತ್ತುತ್ತಾರೆ. ಆಗ ಅಡಿಯ ಗುರುತು ಪೂರ್ತಿ ಬಯಲಾಗುತ್ತದೆ. ಅಕ್ಷರಗಳ ಅಂಚು ಚೂಪಾಗಿದೆಯೇ, ಅಸಲಿ ಎಂದು ಖಚಿತವಾಗಿ ಗೊತ್ತಿರುವ ಇನ್ನೊಂದು 2824-2 ಪಕ್ಕದಲ್ಲಿಟ್ಟರೆ ಎರಡರ ಅಚ್ಚು ಒಂದೇ ಥರ ಇದೆಯೇ ಎಂದು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತಾರೆ. ಆಮೇಲೆ ಡಯಲ್ ಕಡೆ ತಿರುಗಿಸಿ ಕ್ಯಾಲೆಂಡರ್ ಕೆಳಗಿನ ಚಿಕ್ಕ ಲಿವರ್‌ಗಳು, ಸ್ಕ್ರೂಗಳ ಸೀಳು, ಹಲ್ಲುಗಳ ಅಂಚು ನೋಡುತ್ತಾರೆ. ಗಾಜಿನ ಮುಚ್ಚಳದಿಂದ ಕಾಣದ ಈ ಬದಿಗೆ ನಕಲು ಮಾಡುವವರು ಅಷ್ಟು ಶ್ರಮ ಹಾಕುವುದಿಲ್ಲ. ಇಟಿಎ ತನ್ನ ಮಿಷನ್ನುಗಳಿಗೆ ಭಾಗಗಳ ಚಿತ್ರಸಹಿತ ತಾಂತ್ರಿಕ ಪಟ್ಟಿ ಹೊರಡಿಸಿದೆ, ಅದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಭಾಗ ತಾಳೆ ನೋಡಬಹುದು.

ಇಷ್ಟಾದ ಮೇಲೂ ಒಳ್ಳೆಯ ರಿಪೇರಿಯವರು ‘ಅಸಲಿ’ ಎಂದು ಒಂದೇ ಮಾತಿನ ಚೀಟಿ ಬರೆಯುವುದಿಲ್ಲ. ಫಲಕ ಮತ್ತು ಸೇತುವೆಗಳು ಇಟಿಎಯವು, ಬ್ಯಾಲೆನ್ಸ್ ಬದಲಾಗಿರುವಂತಿದೆ, ರೋಟರ್ ಬಗ್ಗೆ ಹೇಳಲಾಗದು ಎಂದು ಭಾಗ ಭಾಗವಾಗಿ ಹೇಳುತ್ತಾರೆ. ಆ ಮಾತಿಗೆ ತಕ್ಕ ಬೆಲೆ ಕಟ್ಟಬಹುದು. ಮಾರುವವರು ಬಿಚ್ಚಲು ಒಪ್ಪದಿದ್ದರೆ, ಒಳಗೆ ಯಾವ ಮಿಷನ್ ಇದೆಯೋ ಗೊತ್ತಿಲ್ಲದ ವಾಚಿಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟೇ ಕೊಡಿ.