ಖಾಲಿ ದಾಳಿಗೂ ಒಂದು ಸಾಲು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂಥ ಕಡೆ ಹೊನಲು ಬೆಳಕಿನ ಕಬಡ್ಡಿ ಎಂದರೆ ಊರೇ ಬಂದು ಅಂಕಣದ ಸುತ್ತ ಕೂರುತ್ತದೆ. ಆಟ ಮುಗಿದ ಮೇಲೆ ಯಾರು ಎಷ್ಟು ಅಂಕ ತಂದರು ಎಂಬುದು ಎಲ್ಲರ ಬಾಯಲ್ಲೂ ಇರುತ್ತದೆ. ಅದೇ ಹುಡುಗ ಎಷ್ಟು ಸಲ ಬರಿಗೈಲಿ ವಾಪಸ್ ಬಂದ, ಎಷ್ಟು ಸಲ ಒಂದೇ ಮೂಲೆಯಲ್ಲಿ ಸಿಕ್ಕಿಬಿದ್ದ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಕಾಲೇಜು ತಂಡವೊಂದು ಹನ್ನೆರಡು ವಾರದಲ್ಲಿ ಈ ಬರವಣಿಗೆಯನ್ನು ಹೇಗೆ ರೂಢಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವುದು ಒಂದು ಫೋನು, ಒಂದು ಸ್ಟ್ಯಾಂಡು, ಒಂದು ನೋಟ್‌ಬುಕ್ಕು ಮತ್ತು ಆಡದೆ ಬದಿಯಲ್ಲಿ ಕೂರಲು ಒಪ್ಪುವ ಇಬ್ಬರು ವಿದ್ಯಾರ್ಥಿಗಳು.

ಇಂಥ ದಾಖಲೆಗೆ ಕಬಡ್ಡಿಯಷ್ಟು ಒಗ್ಗುವ ಆಟ ಕಡಿಮೆ. ಒಂದು ದಾಳಿಗೆ 30 ಸೆಕೆಂಡು, ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ. ಹಾಗಾಗಿ ಪಂದ್ಯವೊಂದರಲ್ಲಿ ಎರಡೂ ಕಡೆಯಿಂದ ಸುಮಾರು 80 ದಾಳಿ ಆಗುತ್ತವೆ. ಒಂದು ದಾಳಿಗೆ ಒಂದು ಸಾಲು ಎಂದಿಟ್ಟುಕೊಂಡರೆ ಇಡೀ ಪಂದ್ಯ ಮೂರು ನಾಲ್ಕು ಪುಟದಲ್ಲಿ ಕೂರುತ್ತದೆ.

ಸಾಲಿನಲ್ಲಿ ಐದು ಕಾಲಂ ಸಾಕು. ವಿಡಿಯೊದ ಸಮಯ, ದಾಳಿಗಾರನ ಜೆರ್ಸಿ ಸಂಖ್ಯೆ, ಎದುರು ನಿಂತ ಡಿಫೆಂಡರುಗಳ ಸಂಖ್ಯೆ, ಫಲ, ಜಾಗ. ಫಲಕ್ಕೆ ನಾಲ್ಕೇ ಗುರುತು: ಮುಟ್ಟಿ ಬಂದರೆ ‘ಮು’, ಬೋನಸ್ಸಾದರೆ ‘ಬೋ’, ಖಾಲಿ ಬಂದರೆ ‘ಖಾ’, ಹಿಡಿತಕ್ಕೆ ಸಿಕ್ಕರೆ ‘ಹಿ’. ಒಂದೇ ದಾಳಿಯಲ್ಲಿ ಬೋನಸ್ಸೂ ಮುಟ್ಟೂ ಸಿಕ್ಕರೆ ‘ಮುಬೋ’. ಜಾಗಕ್ಕೆ ಎಡ ಕಾರ್ನರ್, ಎಡ ಕವರ್ ಎಂದು ಮುಂತಾಗಿ. ಇಲ್ಲೇ ಮೊದಲ ಎಡವಟ್ಟು ಆಗುತ್ತದೆ. ದಾಳಿಗಾರನ ಬಲಗಡೆ ಇರುವವನು ಎದುರು ತಂಡದ ಎಡ ಕಾರ್ನರ್. ಎಡ ಬಲ ಯಾವಾಗಲೂ ಡಿಫೆಂಡರನ ಕಡೆಯಿಂದಲೇ ಎಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡದಿದ್ದರೆ ತಿಂಗಳ ದಾಖಲೆ ತಲೆಕೆಳಗಾಗುತ್ತದೆ.

ಅದಕ್ಕೇ ಮೊದಲೆರಡು ವಾರ ಸ್ವಂತ ಪಂದ್ಯದ ಗೊಡವೆ ಬೇಡ. ಟಿವಿಯಲ್ಲಿ ಬಂದ ಹಳೆಯ ಪಂದ್ಯವೊಂದನ್ನು ಇಬ್ಬರೂ ಬೇರೆಬೇರೆ ಕೂತು ಗುರುತಿಸಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿದ ಪ್ರೊ ಕಬಡ್ಡಿ ಫೈನಲ್ ಒಳ್ಳೆಯ ಪಾಠ. ಪವನ್ ಸೆಹ್ರಾವತ್ ಅಂದು ಒಬ್ಬನೇ 22 ಅಂಕ ತಂದದ್ದು ಎಲ್ಲರಿಗೂ ನೆನಪಿದೆ. ಆ ಅಂಕಗಳ ನಡುವೆ ಅವನ ಖಾಲಿ ದಾಳಿಗಳು ಎಲ್ಲೆಲ್ಲಿ ಬಂದವು ಎಂದು ನೋಡುವಾಗ ಹುಡುಗರ ಕಣ್ಣು ಪಳಗುತ್ತದೆ. ಆಮೇಲೆ ಇಬ್ಬರ ಪಟ್ಟಿಯನ್ನೂ ಪಕ್ಕಪಕ್ಕ ಇಡಬೇಕು. 80 ಸಾಲಿನಲ್ಲಿ ಎಂಟು ಹತ್ತಕ್ಕಿಂತ ಹೆಚ್ಚು ಕಡೆ ವ್ಯತ್ಯಾಸ ಬಂದರೆ ತಪ್ಪು ಹುಡುಗರದ್ದಲ್ಲ, ಗುರುತಿನ ನಿಯಮ ಸ್ಪಷ್ಟವಾಗಿಲ್ಲ ಎಂದರ್ಥ. ನಿಯಮ ತಿದ್ದಿ ಮತ್ತೆ ಗುರುತಿಸಬೇಕು.

ಮೂರನೇ ವಾರದಿಂದ ತಂಡದ್ದೇ ಪಂದ್ಯ. ಫೋನನ್ನು ಅಂಕಣದ ಹಿಂಗೆರೆಯ ಆಚೆ, ಎಂಟು ಹತ್ತು ಅಡಿ ಎತ್ತರದಲ್ಲಿ ಇಡಬೇಕು. ಬದಿಯಿಂದ ತೆಗೆದರೆ ಹತ್ತಿರದ ಕಾರ್ನರ್ ಆಟಗಾರ ದೂರದವನನ್ನು ಮರೆಮಾಡುತ್ತಾನೆ. ಎರಡೂ ಲಾಬಿ ಚೌಕಟ್ಟಿನೊಳಗಿರಬೇಕು, ಯಾರೂ ಜೂಮ್ ಮಾಡಬಾರದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ಕರೆ ಬಂದರೂ ರೆಕಾರ್ಡಿಂಗ್ ನಿಲ್ಲಬಹುದು. ಸ್ಥಳದಲ್ಲೇ ಒಬ್ಬ ಕಾಗದದ ಮೇಲೆ ಫಲವನ್ನಷ್ಟೇ ಬರೆಯಲಿ. ಉಳಿದ ಕಾಲಂಗಳನ್ನು ಮರುದಿನ ವಿಡಿಯೊ ನೋಡಿ ತುಂಬಿದರಾಯಿತು.

ನಾಲ್ಕು ಪಂದ್ಯದ ದಾಖಲೆ ಕೂಡಿತು ಎನ್ನೋಣ. ಲೆಕ್ಕ ಅರ್ಥವಾಗಲೆಂದು ನಾನೇ ಕಟ್ಟಿದ ಉದಾಹರಣೆ ಇದು. 7ನೇ ಜೆರ್ಸಿಯ ಹುಡುಗ 60 ದಾಳಿ ಮಾಡಿದ್ದಾನೆ. 18 ಸಫಲ, 28 ಖಾಲಿ, 14 ಸಲ ಸಿಕ್ಕಿಬಿದ್ದ. ಹತ್ತಕ್ಕೆ ಮೂರು ಸಫಲ, ಪರವಾಗಿಲ್ಲ ಅನ್ನಿಸುತ್ತದೆ. ಈಗ ಮೂರನೇ ಕಾಲಂ ನೋಡಿ ಇದನ್ನೇ ಒಡೆಯಬೇಕು. ಎದುರು ಐದು ಅಥವಾ ಕಡಿಮೆ ಜನ ಇದ್ದಾಗ 24 ದಾಳಿಯಲ್ಲಿ 11 ಸಫಲ, ಮೂರು ಸಲ ಮಾತ್ರ ಸಿಕ್ಕಿಬಿದ್ದ. ಆರು ಅಥವಾ ಏಳು ಜನ ಇದ್ದಾಗ 36ರಲ್ಲಿ ಸಫಲವಾದದ್ದು ಏಳು, ಸಿಕ್ಕಿಬಿದ್ದದ್ದು 11. ನಮ್ಮ ತಂಡದ ಸಾಲುಗಳನ್ನಷ್ಟೇ ಕಂಪ್ಯೂಟರಿಗೆ ಹಾಕಿದ್ದರೆ ಈ ಕೊನೆಯ ಸಂಖ್ಯೆಗೆ ಒಂದು ಸೂತ್ರ ಸಾಕು:

```
=COUNTIFS(B:B,7,C:C,">=6",D:D,"ಹಿ")
```

ಆ 11ರಲ್ಲಿ ಎಂಟು ಸಲ ಹಿಡಿದವನು ಎಡ ಕಾರ್ನರ್. ಏಕೆ ಎಂಬುದಕ್ಕೆ ಸಂಖ್ಯೆಯಲ್ಲಿ ಉತ್ತರ ಇಲ್ಲ, ಸಮಯದ ಕಾಲಂ ಹಿಡಿದು ಆ ಎಂಟು ತುಣುಕುಗಳನ್ನು ನೋಡಬೇಕು. ಬೋನಸ್ ಸಿಗುವುದು ಎದುರು ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಒಂದು ಕಾಲು ಬೋನಸ್ ಗೆರೆ ದಾಟಬೇಕು, ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಹುಡುಗ ಪ್ರತಿಸಲವೂ ತನ್ನ ಬಲಗಡೆಯೇ ಬೋನಸ್ಸಿಗೆ ಕಾಲು ಚಾಚುತ್ತಾನೆ, ಕಾರ್ನರ್ ಅದಕ್ಕೇ ಕಾದು ಕಣಕಾಲು ಹಿಡಿಯುತ್ತಾನೆ. ಐದರಿಂದ ಎಂಟನೇ ವಾರದವರೆಗೆ ಅಭ್ಯಾಸದ ಗುರಿ ಇದೊಂದೇ. ಎಡಗಡೆಯಿಂದಲೂ ಬೋನಸ್ ಪ್ರಯತ್ನಿಸುವುದು, ಬಲಕ್ಕೆ ಕಾಲು ಚಾಚುವಂತೆ ತೋರಿಸಿ ಕವರ್ ಕಡೆ ತಿರುಗುವುದು.

ವಾರದ ಪರಿಶೀಲನೆ ಸೋಮವಾರ, ಅರ್ಧ ಗಂಟೆ, ಆರು ತುಣುಕಿಗಿಂತ ಹೆಚ್ಚು ಬೇಡ. ತುಣುಕು ಯಾರದ್ದೋ ಅವನೇ ಮೊದಲು ಮಾತಾಡಬೇಕು. ‘ಆಗ ನಿನಗೆ ಏನು ಕಾಣಿಸ್ತಪ್ಪ?’ ಎಂದು ಮೇಷ್ಟ್ರು ಕೇಳಿ ಸುಮ್ಮನಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಟಗಾರರ ಶ್ರೇಯಾಂಕ ಬರೆದು ಗೋಡೆಗೆ ಅಂಟಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸಿಕ್ಕಿಬಿದ್ದ ಲೆಕ್ಕ ಎಲ್ಲರೆದುರು ಬಂದರೆ ಹುಡುಗರು ಅಪಾಯ ತೆಗೆದುಕೊಳ್ಳುವುದನ್ನೇ ಬಿಡುತ್ತಾರೆ. ಹಾಗಾಗುತ್ತಿದೆಯೇ ಎಂದು ತಿಳಿಯುವುದೂ ಪಟ್ಟಿಯಿಂದಲೇ: ‘ಹಿ’ ಇಳಿದು ‘ಖಾ’ ಏರುತ್ತಿದ್ದರೆ ಭಯ ಹೊಕ್ಕಿದೆ ಎಂದು ತಿಳಿಯಿರಿ. ಇನ್ನೊಂದು ಅನ್ಯಾಯವನ್ನೂ ತಪ್ಪಿಸಬೇಕು. ಡೂ-ಆರ್-ಡೈ ನಿಯಮ ಇರುವ ಪಂದ್ಯದಲ್ಲಿ ತಂಡದ ಸತತ ಎರಡು ಖಾಲಿ ದಾಳಿಯ ನಂತರದ ಮೂರನೆಯದರಲ್ಲಿ ಅಂಕ ತರದಿದ್ದರೆ ದಾಳಿಗಾರ ಔಟ್. ಆ ಕಷ್ಟದ ದಾಳಿಗೆ ಹೋಗುವವನು ಸಾಮಾನ್ಯವಾಗಿ ತಂಡದ ಉತ್ತಮ ಆಟಗಾರ. ಅಂಥ ಸಾಲಿಗೆ ನಕ್ಷತ್ರ ಹಾಕಿ ಬೇರೆಯೇ ಎಣಿಸಬೇಕು.

ಖಾಲಿ ದಾಳಿಯನ್ನೂ ಬರೆಯಿರಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ 1950ರಲ್ಲಿ ಸ್ವಿಂಡನ್ ಊರಿನ ಫುಟ್‌ಬಾಲ್ ಪಂದ್ಯದ ದ್ವಿತೀಯಾರ್ಧದಲ್ಲಿ ಪೆನ್ಸಿಲ್ ಹಿಡಿದು ಪ್ರತಿ ದಾಳಿಯನ್ನೂ ಗುರುತಿಸತೊಡಗಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಕಡಿಮೆ ಪಾಸುಗಳ ನಂತರ ಬರುತ್ತವೆ ಎಂದು ಕಂಡು, ಚೆಂಡನ್ನು ಬೇಗ ಮುಂದೊದೆಯುವುದೇ ಸರಿ ಎಂದು ವಾದಿಸಿದರು. ಆದರೆ ಫುಟ್‌ಬಾಲಿನಲ್ಲಿ ಬಹುಪಾಲು ದಾಳಿಗಳೇ ಮೂರು ಪಾಸಿನೊಳಗೆ ಮುಗಿಯುತ್ತವೆ. ಹಾಗಿದ್ದಮೇಲೆ ಗೋಲುಗಳೂ ಅಲ್ಲೇ ಹೆಚ್ಚು ಕಾಣುವುದು ಸಹಜ. ವಿಫಲವಾದ ದಾಳಿಗಳ ಜೊತೆ ಹೋಲಿಸಿದಾಗ ಆ ವಾದ ನಿಲ್ಲಲಿಲ್ಲ.

ಒಂಬತ್ತರಿಂದ ಹನ್ನೊಂದನೇ ವಾರದವರೆಗೆ ಇದೇ ಪಟ್ಟಿಯನ್ನು ಎದುರಾಳಿಗಳಿಗೆ ಬರೆಯಬಹುದು, ಅವರ ಮುಖ್ಯ ದಾಳಿಗಾರ ಯಾವ ಕಡೆ ಹೆಚ್ಚು ಹೋಗುತ್ತಾನೆ ಎಂಬ ಒಂದೇ ಪ್ರಶ್ನೆಗೆ. ಐದಾರು ದಾಳಿ ನೋಡಿ ತೀರ್ಮಾನಕ್ಕೆ ಬರುವುದು ಬೇಡ. ಇಪ್ಪತ್ತಾದರೂ ಸಾಲು ಇರಲಿ.

ಹನ್ನೆರಡನೇ ವಾರದಲ್ಲಿ 7ನೇ ಜೆರ್ಸಿಯ ಪಟ್ಟಿಯನ್ನು ಮತ್ತೆ ತೆಗೆದು, ಆರು ಏಳು ಡಿಫೆಂಡರುಗಳಿದ್ದಾಗ ನೂರಕ್ಕೆ ಎಷ್ಟು ಸಲ ಸಿಕ್ಕಿಬೀಳುತ್ತಿದ್ದಾನೆ ಎಂದು ಹಳೆಯ ಲೆಕ್ಕದ ಜೊತೆ ನೋಡಬೇಕು. ಮೊದಲು ಅದು 31 ಇತ್ತು. ಎದುರಾಳಿಗಳು ಬಲಹೀನರಾಗಿದ್ದರೂ ಈ ಸಂಖ್ಯೆ ಇಳಿಯಬಹುದು, ಆದ್ದರಿಂದ ಯಾರ ವಿರುದ್ಧ ಆಡಿದ್ದು ಎಂಬುದು ಪ್ರತಿ ಪುಟದ ತಲೆಯ ಮೇಲಿರಲಿ. ಮಾಗಡಿ ಸುತ್ತಿನ ಕಾಲೇಜುಗಳ ದೈಹಿಕ ಶಿಕ್ಷಣ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಪಂದ್ಯಕ್ಕೆ ಹೊರಡುವಾಗ ಗೆರೆ ಎಳೆದ ನೋಟ್‌ಬುಕ್ಕೊಂದನ್ನು ಕಿಟ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಖಾಲಿ ದಾಳಿಯನ್ನೂ ಬಿಡದೆ ಬರೆಸಿ.