ಓದಿದರೆ ಮಾತಾಗುವ ಬರಹ: ಅತಿಸಾರ ಕುರಿತ ತಮಿಳು ಆರೋಗ್ಯ ಪ್ರಕಟಣೆಯೊಂದರ ಸರಳೀಕರಣ

ಕಡಿಮೆ ಶಾಲಾ ಶಿಕ್ಷಣ ಪಡೆದ ಓದುಗರಿಗಾಗಿ ಪ್ರಕಟಣೆಯೊಂದನ್ನು ಸರಳ ತಮಿಳಿಗೆ ತರುವಾಗ ಎರಡು ಸಲಹೆಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಕಠಿಣ ಪದಗಳನ್ನು ತೆಗೆದು ಸುಲಭ ಪದಗಳನ್ನು ಹಾಕಬೇಕೆಂಬುದು ಒಂದು. ಜನ ಆಡುವಂತೆಯೇ ಬರೆಯಬೇಕೆಂಬುದು ಇನ್ನೊಂದು. ಮೊದಲನೆಯದು ಸಾಲದು, ಎರಡನೆಯದು ತಮಿಳಿನ ಮಟ್ಟಿಗೆ ಅಷ್ಟು ನೇರವಾಗಿ ಸಾಧ್ಯವಿಲ್ಲ. ಮಕ್ಕಳ ಅತಿಸಾರಕ್ಕೆ ಓ.ಆರ್.ಎಸ್. ದ್ರಾವಣವನ್ನು ಕೊಡುವ ವಿಧಾನವನ್ನು ಹೇಳುವ ಕಿರುಪ್ರಕಟಣೆಯೊಂದನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿನ ಪಠ್ಯವು ಯಾವುದೇ ಒಂದು ಕಚೇರಿಯದಲ್ಲ. ಆಡಳಿತ ತಮಿಳಿನ ಲಕ್ಷಣಗಳನ್ನು ಒಟ್ಟಿಗೆ ತೋರಿಸಲೆಂದು ನಾವೇ ರಚಿಸಿಕೊಂಡದ್ದು. ತಮಿಳು ಪದಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ತಮಿಳಿನ ಆಯಾ ಅಕ್ಷರಗಳಿಗೆ ಬಳಸಿದ್ದೇವೆ.

1. ಮೂಲ ಪಠ್ಯ

"ವಯಿಱ್ಱುಪ್ಪೋಕ್ಕಿನಾಲ್ ಪಾದಿಕ್ಕಪ್ಪಟ್ಟ ಕುೞಂದೈಗಳುಕ್ಕು ನೀರಿೞಪ್ಪೈತ್ ತವಿರ್ಕ್ಕುಮ್ ಪೊರುಟ್ಟು, ಒರು ಲಿಟ್ಟರ್ ಕೊದಿಕ್ಕವೈತ್ತು ಆಱವೈಕ್ಕಪ್ಪಟ್ಟ ನೀರಿಲ್ ಒರು ಪೊಟ್ಟಲಮ್ ಓ.ಆರ್.ಎಸ್. ಕರೈಕ್ಕಪ್ಪಟ್ಟು ಅವ್ವಪ್ಪೋದು ವೞಂಗಪ್ಪಡ ವೇಂಡುಮ್. 24 ಮಣಿ ನೇರತ್ತಿಱ್ಕುಪ್ ಪಿನ್ ಎಂಜಿಯ ಕರೈಸಲೈಪ್ ಪಯನ್ಪಡುತ್ತುವದೈತ್ ತವಿರ್ಕ್ಕವುಮ್. ತಾಯ್ಪ್ಪಾಲ್ ಊಟ್ಟುದಲ್ ನಿಱುತ್ತಪ್ಪಡಲಾಗಾದು."

ಇದರ ಅರ್ಥ: 'ಅತಿಸಾರದಿಂದ ಬಾಧಿತರಾದ ಮಕ್ಕಳಿಗೆ ನಿರ್ಜಲೀಕರಣವನ್ನು ತಪ್ಪಿಸುವ ಸಲುವಾಗಿ, ಒಂದು ಲೀಟರ್ ಕುದಿಸಿ ಆರಿಸಲ್ಪಟ್ಟ ನೀರಿನಲ್ಲಿ ಒಂದು ಪೊಟ್ಟಣ ಓ.ಆರ್.ಎಸ್. ಕರಗಿಸಲ್ಪಟ್ಟು ಆಗಾಗ ನೀಡಲ್ಪಡಬೇಕು. 24 ಗಂಟೆಗಳ ಬಳಿಕ ಉಳಿದ ದ್ರಾವಣವನ್ನು ಬಳಸುವುದನ್ನು ತಪ್ಪಿಸತಕ್ಕದ್ದು. ಸ್ತನ್ಯಪಾನವು ನಿಲ್ಲಿಸಲ್ಪಡಲಾಗದು.'

ವೈದ್ಯಕೀಯವಾಗಿ ಇದರಲ್ಲಿ ತಪ್ಪಿಲ್ಲ. ತೊಡಕು ಇರುವುದು ವ್ಯಾಕರಣದಲ್ಲಿ.

2. ತೊಡಕು ಎಲ್ಲಿದೆ

ಮೊದಲನೆಯದು ಕರ್ಮಣಿ ಪ್ರಯೋಗ. 'ವೞಂಗಪ್ಪಡ ವೇಂಡುಮ್' ಎಂಬಲ್ಲಿ ಕೊಡಬೇಕಾದವರು ಯಾರೆಂಬುದಿಲ್ಲ. 'ಪಡು' ಸೇರಿದ ಕರ್ಮಣಿ ರೂಪವು ಆಡುಮಾತಿನಲ್ಲಿ ವಿರಳವಾದ್ದರಿಂದ ಓದುಗರು ಕರ್ತೃವನ್ನು ಸಂದರ್ಭದಿಂದ ಊಹಿಸಬೇಕಾಗುತ್ತದೆ. 'ವೞಂಗು' ಎಂಬ ಧಾತು ಈ ಊಹೆಯನ್ನು ಬೇರೆ ದಾರಿಗೆ ಎಳೆಯುತ್ತದೆ: ಸರ್ಕಾರ ಅಕ್ಕಿಯನ್ನೋ ನೆರವನ್ನೋ ವಿತರಿಸುವುದಕ್ಕೂ ಬಳಕೆಯಾಗುವ ಕ್ರಿಯಾಪದ ಅದು. ಹೀಗಾಗಿ ತಾಯಿ ಮನೆಯಲ್ಲಿ ಮಾಡಬೇಕಾದ ಕೆಲಸವನ್ನು ಆರೋಗ್ಯ ಕೇಂದ್ರ ಮಾಡುವ ಕೆಲಸವೆಂದು ಓದಿಕೊಳ್ಳಲು ವಾಕ್ಯದಲ್ಲೇ ಅವಕಾಶವಿದೆ.

ಎರಡನೆಯದು ಪ್ರಮಾಣವಾಚಕದ ಸ್ಥಾನ. 'ಒರು ಲಿಟ್ಟರ್' ಮತ್ತು 'ನೀರಿಲ್' ಇವೆರಡರ ನಡುವೆ 'ಕೊದಿಕ್ಕವೈತ್ತು ಆಱವೈಕ್ಕಪ್ಪಟ್ಟ' ಎಂಬ ಕೃದಂತ ಸರಣಿ ನಿಂತಿದೆ. ಅಕ್ಷರಗಳನ್ನು ಕೂಡಿಸಿಕೊಂಡು ನಿಧಾನವಾಗಿ ಓದುವವರು 'ನೀರಿಲ್' ತಲುಪುವ ವೇಳೆಗೆ 'ಒರು ಲಿಟ್ಟರ್' ನೆನಪಿನಿಂದ ಜಾರಿರಬಹುದು. ಆಗ ಕೈಯಲ್ಲಿ ಉಳಿಯುವುದು 'ನೀರಿನಲ್ಲಿ ಒಂದು ಪೊಟ್ಟಣ' ಎಂಬಷ್ಟೇ. ಅಪಾಯ ಇರುವುದು ಇಲ್ಲಿಯೇ. ಒಂದು ಲೀಟರಿಗೆ ಗೊತ್ತುಪಡಿಸಿದ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಏರಬಹುದು. ಅಂಗಡಿಗಳಲ್ಲಿ 200 ಮಿ.ಲೀ. ನೀರಿಗೆ ತಕ್ಕ ಸಣ್ಣ ಪೊಟ್ಟಣಗಳೂ ಸಿಗುತ್ತವೆ. ಅಂಥದೊಂದನ್ನು ಲೀಟರಿಗೆ ಬೆರೆಸಿದರೆ ದ್ರಾವಣ ತೀರಾ ತೆಳುವಾಗುತ್ತದೆ. 'ಒರು ಪೊಟ್ಟಲಮ್' ಎಂಬುದು ಇವೆರಡಕ್ಕೂ ಒಪ್ಪುವ ಮಾತು.

ಮೂರನೆಯದು ನಿಷೇಧದ ಸ್ಥಾನ. 'ನಿಱುತ್ತಪ್ಪಡಲಾಗಾದು' ಎಂದರೆ ನಿಲ್ಲಿಸಬಾರದು. 'ನಿಱುತ್ತಪ್ಪಡಲಾಮ್' ಎಂದರೆ ನಿಲ್ಲಿಸಬಹುದು. ಉದ್ದವಾದ ಪದದ ಕೊನೆಯ ಒಂದೆರಡು ಅಕ್ಷರಗಳಲ್ಲಿ ಅರ್ಥ ತಲೆಕೆಳಗಾಗುತ್ತದೆ. ಆರಂಭದಿಂದಲೇ ಪದವನ್ನು ಗುರುತಿಸಿ ಉಳಿದದ್ದನ್ನು ಊಹಿಸುವುದು ಅಭ್ಯಾಸ ಕಡಿಮೆಯಿರುವ ಓದುಗರ ಸಾಮಾನ್ಯ ತಂತ್ರ. ಅವರಿಗೆ ಇಲ್ಲಿ ದೊರೆಯುವುದು 'ಹಾಲು, ನಿಲ್ಲಿಸು' ಎಂಬ ಎರಡು ಸುಳಿವುಗಳು. ಅಂದರೆ ಉದ್ದೇಶಕ್ಕೆ ನೇರ ವಿರುದ್ಧವಾದ ಸೂಚನೆ.

3. ಆಡುಮಾತನ್ನೇ ಬರೆಯಬಹುದೇ

ಫರ್ಗ್ಯುಸನ್ 1959ರಲ್ಲಿ ಪ್ರಚುರಪಡಿಸಿದ ಡೈಗ್ಲಾಸಿಯಾ ಪರಿಕಲ್ಪನೆಗೆ ತಮಿಳು ಪ್ರಸಿದ್ಧ ನಿದರ್ಶನ. ಬ್ರಿಟ್ಟೋ ಅವರ 1986ರ ಗ್ರಂಥ ತಮಿಳಿನ ಈ ಸ್ಥಿತಿಯನ್ನೇ ವಿಸ್ತಾರವಾಗಿ ಚರ್ಚಿಸಿದೆ. ಬರಹದ ತಮಿಳು ಮನೆಯ ಮಾತಲ್ಲವಾದ್ದರಿಂದ, ಮನೆಯ ಮಾತನ್ನೇ ಬರೆದುಬಿಟ್ಟರೆ ತೊಡಕು ಕಳೆಯುವುದೆಂದು ತೋರುವುದು ಸಹಜ.

ಆದರೆ ಆಡುಮಾತಿಗೆ ನಿಶ್ಚಿತವಾದ ಬರವಣಿಗೆ ಇಲ್ಲ. ಬರಹದ 'ಕೊಡುಂಗಳ್' ಮಾತಿನಲ್ಲಿ 'ಕುಡುಂಗ' ಆಗುತ್ತದೆ. ಅದನ್ನು 'ಕೊಡುಂಗ' ಎಂದೂ ಬರೆಯುವುದುಂಟು. ಪದಾಂತ್ಯದ ಮಕಾರವು ಮಾತಿನಲ್ಲಿ ಅನುನಾಸಿಕ ಸ್ವರವಾಗುತ್ತದೆ. ಅದನ್ನು ಸೂಚಿಸಲು ತಮಿಳು ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಇದಲ್ಲದೆ, ನಾಲ್ಕೈದು ತರಗತಿ ಓದಿದವರು ಅಕ್ಷರ ಕೂಡಿಸಲು ಕಲಿತದ್ದು ಪಠ್ಯಪುಸ್ತಕದ ರೂಪಗಳ ಮೇಲೆ. 'ಕೊಡುಂಗಳ್' ಎಂಬ ಆಕಾರವನ್ನು ಅವರ ಕಣ್ಣು ಕಂಡಿದೆ, 'ಕುಡುಂಗ' ಎಂಬುದನ್ನು ಕಂಡಿಲ್ಲ. ಕಿವಿಗೆ ಸುಲಭವಾದದ್ದು ಕಣ್ಣಿಗೆ ಹೊಸದಾಗಿಬಿಡುತ್ತದೆ. ಯಾವ ಊರಿನ, ಯಾವ ಸಮುದಾಯದ ಮಾತನ್ನು ಬರೆಯಬೇಕೆಂಬ ಪ್ರಶ್ನೆಯೂ ಇದರೊಡನೆ ಬರುತ್ತದೆ.

ಆದಕಾರಣ ನಾವು ಮುಂದಿಡುವ ಸೂತ್ರ ಇದು: ಬರಹದ ರೂಪಗಳನ್ನು ಉಳಿಸಿಕೊಳ್ಳಬೇಕು, ಆದರೆ ಅವುಗಳಲ್ಲಿ ಓದುಗರು ಬಾಯಿಬಿಟ್ಟು ಓದಿದೊಡನೆ ನಿಯತ ಧ್ವನಿ ವ್ಯತ್ಯಾಸಗಳಿಂದ ತಮ್ಮ ಮಾತಿಗೆ ತಂದುಕೊಳ್ಳಬಲ್ಲವನ್ನು ಮಾತ್ರ ಆಯ್ದುಕೊಳ್ಳಬೇಕು. 'ಕೊಡುಂಗಳ್' ಇಂಥ ರೂಪ: ಪದಾಂತ್ಯದ ಳಕಾರ ಬಿದ್ದರೆ ಅದು ಮಾತಿಗೆ ಹತ್ತಿರವಾಗುತ್ತದೆ. 'ತವಿರ್ಕ್ಕವುಮ್' ಎಂಬಲ್ಲಿನ '-ಅವುಮ್' ಅಂಥದಲ್ಲ. ಆಜ್ಞಾರ್ಥದಲ್ಲಿ ಅದು ಬರಹಕ್ಕೆ, ಹೆಚ್ಚಾಗಿ ಪ್ರಕಟಣೆಗಳಿಗೇ ಸೀಮಿತ. ಕನ್ನಡದ ಕಚೇರಿ ಬರಹದ 'ತಕ್ಕದ್ದು' ಎಂಬುದರಂತೆ, ಯಾವ ತಾಯಿಯೂ ಮಗುವಿಗೆ ಹೀಗೆ ಹೇಳುವುದಿಲ್ಲ. ಹಾಗೆಯೇ 'ನೀರ್' ಬದಲು 'ತಣ್ಣೀರ್' ಬಂದರೆ ಓದುಗರು ಅದನ್ನು ತಮ್ಮ 'ತಣ್ಣಿ'ಯೆಂದು ಕೂಡಲೇ ಗುರುತಿಸುತ್ತಾರೆ. ಕನ್ನಡದ 'ತಣ್ಣೀರು' ತಂಪುನೀರಾದರೆ ತಮಿಳಿನ 'ತಣ್ಣೀರ್' ಬರಿಯ ನೀರು. ಕುದಿಯುವ ನೀರಿಗೂ ಅದು ಸಲ್ಲುತ್ತದೆ.

4. ಪರಿಷ್ಕೃತ ಪಠ್ಯ

1. ಪೇದಿ ಆನಾಲ್ ಉಡಂಬಿಲ್ ಉಳ್ಳ ತಣ್ಣೀರ್ ಕುಱೈಂದು ಪೋಗುಮ್. ಅದನಾಲ್ ಕುೞಂದೈಕ್ಕು ಓ.ಆರ್.ಎಸ್. ಕೊಡುಂಗಳ್.
2. ತಣ್ಣೀರೈಕ್ ಕೊದಿಕ್ಕ ವೈತ್ತು ಆಱ ವೈಯುಂಗಳ್.
3. ಅದಿಲ್ ಒರು ಲಿಟ್ಟರ್ ಅಳಂದು ಎಡುಂಗಳ್.
4. ಒರು ಪೆರಿಯ ಪಾಕ್ಕೆಟ್ ಮುೞುವದೈಯುಮ್ ಅದಿಲ್ ಪೋಟ್ಟುಕ್ ಕಲಕ್ಕುಂಗಳ್.
5. ಒವ್ವೊರು ಮುಱೈ ಪೇದಿ ಆನ ಪಿಱಗುಮ್ ಕೊಡುಂಗಳ್.
6. ತಾಯ್ಪ್ಪಾಲುಮ್ ಕೊಡುಂಗಳ್.
7. ನಾಳೈ ಇದೇ ನೇರಮ್ ಮಿಚ್ಚಮ್ ಇರುಂದಾಲ್ ಕೀೞೇ ಊಱ್ಱಿ ವಿಡುಂಗಳ್. ಪುದಿದಾಗಕ್ ಕಲಕ್ಕುಂಗಳ್.

'ನೀರಿೞಪ್ಪು' ಎಂಬ ಪಾರಿಭಾಷಿಕ ಪದಕ್ಕೆ ಇಲ್ಲಿ ಪರ್ಯಾಯ ಪದವಿಲ್ಲ, ಪರ್ಯಾಯ ವಾಕ್ಯವಿದೆ: 'ಭೇದಿಯಾದರೆ ಮೈಯಲ್ಲಿರುವ ನೀರು ಕಡಿಮೆಯಾಗುತ್ತದೆ.' ಭೇದಿಯಾಗುವಾಗ ನೀರು ಕೊಟ್ಟರೆ ಅದು ಹೆಚ್ಚುತ್ತದೆಂದು ನಂಬಿ ಕುಡಿಯಲು ಕೊಡದೆ ಇರುವುದು ಹಲವೆಡೆ ಕಂಡುಬರುವ ರೂಢಿ. ಆದ್ದರಿಂದ ಕಾರಣವನ್ನು ಹೇಳುವ ವಾಕ್ಯವೇ ಮೊದಲು ಬರಬೇಕು.

ಎರಡು ಮತ್ತು ಮೂರನೆಯ ಸಾಲುಗಳನ್ನು ಬೇರ್ಪಡಿಸುವಾಗ ಮೂಲದ ಸಂದಿಗ್ಧವೊಂದು ಹೊರಬಿತ್ತು. ಲೀಟರನ್ನು ಅಳೆಯಬೇಕಾದದ್ದು ಕುದಿಸುವ ಮೊದಲೋ ಆಮೇಲೋ ಎಂದು ಮೂಲವು ಹೇಳಿರಲಿಲ್ಲ. ಒಂದು ವಾಕ್ಯಕ್ಕೆ ಒಂದು ಕ್ರಿಯೆ, ಕ್ರಿಯೆ ನಡೆಯುವ ಕ್ರಮದಲ್ಲೇ ವಾಕ್ಯಗಳು ಎಂಬ ನಿಯಮವನ್ನು ಪಾಲಿಸಿದಾಗ ಬರೆಯುವವರು ಇದನ್ನು ನಿರ್ಧರಿಸಲೇಬೇಕಾಗುತ್ತದೆ. 'ಅವ್ವಪ್ಪೋದು' ಎಂಬುದರ ಗತಿಯೂ ಇದೇ. 'ಆಗಾಗ' ಎಂದರೆ ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಪ್ರತಿ ಸಲ ಭೇದಿಯಾದ ಬಳಿಕ ಎಂಬುದು. 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ. ಎಂಬ ಪ್ರಮಾಣವನ್ನು ಐದನೆಯ ಸಾಲಿನ ಪಕ್ಕದಲ್ಲಿ ಲೋಟದ ಚಿತ್ರದಿಂದ ತೋರಿಸುವುದು ಲೇಸು. ಅಂಕಿಗಳನ್ನು ಸೇರಿಸಿದರೆ ವಾಕ್ಯ ಮತ್ತೆ ಭಾರವಾಗುತ್ತದೆ.

ಆರನೆಯ ಸಾಲಿಗೆ 'ನಿಱುತ್ತಕ್ ಕೂಡಾದು' ಎಂಬ ರೂಪವೂ ನಮ್ಮ ಮುಂದಿತ್ತು. ಅದು ಮಾತಿನಲ್ಲೂ ಇದೆ, ನಿಷೇಧವೂ ಬಿಡಿ ಪದವಾಗಿ ನಿಲ್ಲುತ್ತದೆ. ಆದರೂ ಅನುಸರಿಸಬೇಕಾದ ಕೆಲಸವನ್ನೇ ಹೇಳುವ 'ತಾಯ್ಪ್ಪಾಲುಮ್ ಕೊಡುಂಗಳ್' ('ಎದೆಹಾಲನ್ನೂ ಕೊಡಿ') ಹೆಚ್ಚು ಸುರಕ್ಷಿತ: ಇದನ್ನು ಅರ್ಧಕ್ಕೆ ಓದಿ ನಿಲ್ಲಿಸಿದರೂ ವಿರುದ್ಧಾರ್ಥ ಬರುವುದಿಲ್ಲ. ಏಳನೆಯ ಸಾಲಿನಲ್ಲಿ ಚೆಲ್ಲುವುದಕ್ಕೆ 'ಕೊಟ್ಟಿ ವಿಡುಂಗಳ್' ಎಂಬುದು ಸಹಜವಾದ ಮಾತೇ. ಆದರೆ ಮೇಲೆ ಮೂರು ಬಾರಿ ಬಂದ 'ಕೊಡುಂಗಳ್' ಎಂಬುದಕ್ಕೂ ಅದಕ್ಕೂ ತಮಿಳು ಲಿಪಿಯಲ್ಲಿ ಆರಂಭ ಬಹುಮಟ್ಟಿಗೆ ಒಂದೇ. 'ಕೊಡು' ಮತ್ತು 'ಚೆಲ್ಲು' ಕಣ್ಣಿಗೆ ಒಂದರಂತೆ ಒಂದು ಕಾಣಬಾರದೆಂದು 'ಊಱ್ಱಿ' ಎಂಬುದನ್ನು ಆಯ್ದಿದ್ದೇವೆ.

5. ಪದ, ಉದ್ದ, ಶುದ್ಧತೆ

ಪದದ ಉದ್ದವನ್ನು ಎಣಿಸುವ ಓದುಸುಲಭತೆಯ ಸೂತ್ರಗಳು ಅಂಟುಭಾಷೆಯಾದ ತಮಿಳಿಗೆ ಒಗ್ಗುವುದಿಲ್ಲ. 'ಎಂಜಿಯ' ('ಉಳಿದ') ಚಿಕ್ಕ ಪದ, ಆದರೆ ಗ್ರಂಥಸ್ಥ. 'ಮುೞುವದೈಯುಮ್' ಉದ್ದವಾದದ್ದು, ಆದರೆ ಅದರ ಭಾಗಗಳೆಲ್ಲ ಪರಿಚಿತ. ಎಣಿಸಬೇಕಾದದ್ದು ಅಕ್ಷರಗಳನ್ನಲ್ಲ, ಓದುಗರು ತಮ್ಮ ಮಾತಿಗೆ ತಂದುಕೊಳ್ಳಲಾಗದ ರೂಪಗಳನ್ನು.

ಈ ಆಯ್ಕೆಗೆ ಪ್ರತಿರೋಧ ಬರುವುದು ಹೆಚ್ಚಾಗಿ ಪದಕೋಶದ ವಿಷಯದಲ್ಲಿ. ಮಱೈಮಲೈ ಅಡಿಗಳ್ 1916ರಲ್ಲಿ ಆರಂಭಿಸಿದ ತನಿತ್ತಮಿೞ್ ಚಳವಳಿಯ ಪ್ರಭಾವ ಆಡಳಿತ ತಮಿಳಿನ ಮೇಲೆ ಇಂದಿಗೂ ಇದೆ. ಆ ದೃಷ್ಟಿಗೆ 'ಪಾಕ್ಕೆಟ್' ಇಂಗ್ಲಿಷು, 'ಪೇದಿ' ಸಂಸ್ಕೃತಮೂಲದ್ದು. ಕನ್ನಡದ 'ಭೇದಿ'ಯೂ ಅದೇ ಪದ. ಆದರೆ ಅಂಗಡಿಯಲ್ಲಿ ಕೇಳುವಾಗ, ದಾದಿಯೊಡನೆ ಮಾತಾಡುವಾಗ ಓದುಗರ ಬಾಯಲ್ಲಿರುವುದು ಈ ಪದಗಳೇ. 'ವಯಿಱ್ಱುಪ್ಪೋಕ್ಕು' ಎಂಬುದನ್ನು ಶೀರ್ಷಿಕೆಯಲ್ಲಿ ಉಳಿಸಿ, ಅದರ ಪಕ್ಕದಲ್ಲಿ 'ಪೇದಿ' ಎಂದು ಕೊಟ್ಟು, ಸೂಚನೆಗಳಲ್ಲಿ 'ಪೇದಿ'ಯನ್ನು ಮಾತ್ರ ಬಳಸುವುದು ಕಾರ್ಯಸಾಧ್ಯವಾದ ಒಪ್ಪಂದ. 'ತಣ್ಣೀರೈಕ್ ಕೊದಿಕ್ಕ' ಎಂಬಲ್ಲಿನಂಥ ಸಂಧಿಯ ಒತ್ತಕ್ಷರಗಳನ್ನು ನಾವು ತೆಗೆದಿಲ್ಲ. ತೆಗೆದರೆ ಬರಹ ತಪ್ಪಾಗಿ ಕಂಡು ಪ್ರಕಟಣೆಯ ಮೇಲಿನ ನಂಬಿಕೆ ಕುಗ್ಗುತ್ತದೆ. ಬದಲಿಗೆ, ಕೂಡಿಸಿ ಬರೆದಿದ್ದ 'ಕೊದಿಕ್ಕವೈತ್ತು' ಎಂಬುದನ್ನು 'ಕೊದಿಕ್ಕ ವೈತ್ತು' ಎಂದು ಬಿಡಿಸಿದ್ದೇವೆ.

6. ಪರೀಕ್ಷೆ ಮತ್ತು ಮಿತಿ

'ಅರ್ಥವಾಯಿತೇ' ಎಂಬ ಪ್ರಶ್ನೆಗೆ 'ಆಯಿತು' ಎಂಬ ಉತ್ತರ ಬರುವುದು ಸಹಜ; ಅದರಿಂದ ಏನೂ ತಿಳಿಯುವುದಿಲ್ಲ. ಓದುಗರ ಮುಂದೆ ಎರಡು ಅಳತೆಯ ಪೊಟ್ಟಣಗಳು, ಲೀಟರ್ ಬಾಟಲಿ, ಲೋಟ ಇವನ್ನಿಟ್ಟು, ಗಟ್ಟಿಯಾಗಿ ಓದಿ ಅದರಂತೆ ಮಾಡಲು ಕೋರಬೇಕು. ಓದು ತಡವರಿಸಿದ ಕಡೆ ತೊಡಕಿರುವುದು ಪದದ ಆಕಾರದಲ್ಲಿ. ಓದು ಸರಾಗವಾಗಿ ಸಾಗಿಯೂ ಕೈ ತಡವರಿಸಿದರೆ ತೊಡಕು ವಾಕ್ಯದಲ್ಲಿ ಅಥವಾ ಮಾಹಿತಿಯಲ್ಲಿ. ಇವೆರಡಕ್ಕೂ ಪರಿಹಾರ ಬೇರೆಬೇರೆಯಾದ್ದರಿಂದ ದಾಖಲಿಸುವಾಗ ಇವನ್ನು ಬೆರೆಸಬಾರದು. ಓದುವಾಗ 'ಕೊಡುಂಗಳ್' ಎಂಬುದನ್ನು ಓದುಗರು ತಾವಾಗಿ 'ಕುಡುಂಗ' ಎಂದರೆ ಅದನ್ನು ತಪ್ಪೆಂದು ಗುರುತಿಸಬಾರದು. ಬರಹ ಮಾತಾಯಿತೆಂಬುದಕ್ಕೆ ಅದೇ ಸಾಕ್ಷಿ.

ಈ ಸೂತ್ರಕ್ಕೂ ಎಲ್ಲೆಯಿದೆ. ಮನೆಯಲ್ಲಿ ಲೀಟರಿನ ಅಳತೆ ಇಲ್ಲದಿದ್ದರೆ ಮೂರನೆಯ ಸಾಲು ಎಷ್ಟೇ ಸರಳವಾಗಿದ್ದರೂ ನಿಷ್ಫಲ. ಅಕ್ಷರವನ್ನೇ ಅರಿಯದವರಿಗೆ ಪ್ರಕಟಣೆ ತಲುಪುವುದು ಇನ್ನೊಬ್ಬರ ಬಾಯಿಂದ. ಓದಿ ಹೇಳುವವರು ಶಾಲೆಯ ಮಗುವಾಗಿರಲಿ ನೆರೆಯವರಾಗಿರಲಿ, ಮೂಲ ಪಠ್ಯವನ್ನು ಅವರು ಅನುವಾದಿಸಿಯೇ ಹೇಳಬೇಕಾಗಿತ್ತು. ಪರಿಷ್ಕೃತ ಪಠ್ಯವನ್ನು ಬಹುಮಟ್ಟಿಗೆ ಓದಿದರೆ ಸಾಕು. ಅನುವಾದದ ಆ ಹೊರೆಯನ್ನು ಕೇಳುಗರಿಂದ ಬರೆಯುವವರಿಗೆ ವರ್ಗಾಯಿಸುವುದೇ ತಮಿಳಿನಂಥ ಭಾಷಾಸ್ಥಿತಿಯಲ್ಲಿ ಸರಳೀಕರಣದ ನಿಜವಾದ ಕೆಲಸ.